ಏಳು ಕಡೆ ಹೂಡಿದ್ದರೂ ಎಲ್ಲವೂ ಒಟ್ಟಿಗೆ ಇಳಿದರೆ ಅದನ್ನು ಹಂಚಿಕೆ ಎನ್ನಬಹುದೇ?

ವೈಟ್‌ಫೀಲ್ಡ್ ವಾಸಿ

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನಲ್ಲಿ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದೇನೆ. ಕಂಪನಿಯ ಷೇರು ಅಮೆರಿಕದ ಪೇಟೆಯಲ್ಲಿದೆ, ಸಂಬಳದ ಜೊತೆಗೆ ಪ್ರತಿವರ್ಷ ಒಂದಿಷ್ಟು ಆರ್‌ಎಸ್‌ಯು, ಅಂದರೆ ಕಂಪನಿ ಕೊಡುವ ಅದರದೇ ಷೇರು, ಸಿಗುತ್ತದೆ. ಈಗ ನಮ್ಮ ಮನೆಯ ಹೂಡಿಕೆ ಒಟ್ಟು 120 ಲಕ್ಷ ರೂಪಾಯಿ. ಅದರಲ್ಲಿ ನನ್ನ ಕಂಪನಿಯ ಷೇರು 40 ಲಕ್ಷ, ನಾಸ್ಡಾಕ್ 100 ಫಂಡ್ 15 ಲಕ್ಷ, ನಿಫ್ಟಿ ಐಟಿ ಇಂಡೆಕ್ಸ್ ಫಂಡ್ 10 ಲಕ್ಷ, ನಿಫ್ಟಿ 50 ಇಂಡೆಕ್ಸ್ ಫಂಡ್ 15 ಲಕ್ಷ, ಒಂದು ಲಾರ್ಜ್‌ಕ್ಯಾಪ್ ಫಂಡ್ 15 ಲಕ್ಷ, ಪಿಎಫ್ 20 ಲಕ್ಷ, ಚಿನ್ನದ ಇಟಿಎಫ್ 5 ಲಕ್ಷ ಇವೆ.

ಏಳು ಕಡೆ ಹಂಚಿರುವುದರಿಂದ ಒಂದು ಕುಸಿದರೆ ಇನ್ನೊಂದು ಆಧರಿಸುತ್ತದೆ ಎಂದು ನಾನು ನಂಬಿದ್ದೆ. ಆದರೆ 2022ರಲ್ಲಿ ಹಾಗಾಗಲಿಲ್ಲ. ಆಗ ಮೊತ್ತ ಚಿಕ್ಕದಿದ್ದುದರಿಂದ ಅಷ್ಟಾಗಿ ಯೋಚಿಸಲಿಲ್ಲ. ಈಗ ನಮ್ಮ ಪರಿಚಯದ ಏಜೆಂಟರೊಬ್ಬರು ಎಂಟನೆಯದಾಗಿ ಮತ್ತೊಂದು ಲಾರ್ಜ್‌ಕ್ಯಾಪ್ ಫಂಡ್ ಸೇರಿಸಿದರೆ ಅಪಾಯ ಇನ್ನಷ್ಟು ಹಂಚಿಹೋಗುತ್ತದೆ ಎನ್ನುತ್ತಿದ್ದಾರೆ. ನಮ್ಮ ಯಜಮಾನರಿಗೆ ಈ ಮಾತು ಒಪ್ಪಿಗೆಯಾಗಿಲ್ಲ, ನನಗೂ ಅನುಮಾನವಿದೆ. ತಿಳಿದವರು ದಯವಿಟ್ಟು ವಿವರಿಸಬೇಕು.

ಪೇಟೆಯ ಹಳಬ

ಮೇಡಂ, ಧಾರಾಳವಾಗಿ ಸೇರಿಸಿ. ನಾನು 1990ರ ದಶಕದಿಂದಲೂ ಷೇರುಪೇಟೆಯಲ್ಲಿದ್ದೇನೆ. ಒಬ್ಬ ಫಂಡ್ ಮ್ಯಾನೇಜರ್ ಒಂದು ಬ್ಯಾಂಕಿನ ಷೇರನ್ನು ತಪ್ಪು ಬೆಲೆಗೆ ಕೊಂಡರೆ ಇನ್ನೊಬ್ಬರು ಅದೇ ತಪ್ಪನ್ನು ಮಾಡಬೇಕೆಂದೇನೂ ಇಲ್ಲ. ಒಂದೇ ಫಂಡ್ ಸಂಸ್ಥೆಯ ಕೈಯಲ್ಲಿ ಎಲ್ಲವನ್ನೂ ಇಡುವುದಕ್ಕಿಂತ ಎರಡು ಮೂರು ಸಂಸ್ಥೆಗಳ ನಡುವೆ ಹಂಚುವುದು ಯಾವತ್ತೂ ಕ್ಷೇಮ. ಫಂಡ್‌ಗಳ ಸಂಖ್ಯೆ ಹೆಚ್ಚಾದಂತೆ ಅಪಾಯ ಕಡಿಮೆಯಾಗುತ್ತದೆ ಎಂಬುದು ನನ್ನ ಅನುಭವ.

ಅಂಕಗಣಿತ

ಹಳಬರು ಹೇಳಿದ್ದರಲ್ಲಿ ಅರ್ಧ ಸರಿಯಿದೆ. ಒಬ್ಬ ಮ್ಯಾನೇಜರ್ ಮಾಡುವ ತಪ್ಪು ಆಯ್ಕೆಯ ಅಪಾಯ ಎರಡು ಫಂಡ್‌ಗಳ ನಡುವೆ ನಿಜಕ್ಕೂ ಹಂಚಿಹೋಗುತ್ತದೆ. ಆದರೆ ಲಾರ್ಜ್‌ಕ್ಯಾಪ್ ಫಂಡ್‌ನಲ್ಲಿ ಆ ಅಪಾಯದ ಪಾಲು ಬಹಳ ಚಿಕ್ಕದು. ಸೆಬಿ 2017ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ ಇಂಥ ಫಂಡ್ ತನ್ನ ಹಣದ ಕನಿಷ್ಠ ಶೇಕಡಾ 80 ಭಾಗವನ್ನು ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 100 ಸ್ಥಾನಗಳಲ್ಲಿರುವ ಕಂಪನಿಗಳಲ್ಲೇ ಇಡಬೇಕು. ಆ ನೂರರಲ್ಲೂ ಹೆಚ್ಚಿನ ತೂಕ ಮೇಲಿನ ಹತ್ತಿಪ್ಪತ್ತು ಕಂಪನಿಗಳದ್ದು. ಹೀಗಿರುವಾಗ ನಿಫ್ಟಿ 50 ಫಂಡ್, ಒಂದು ಲಾರ್ಜ್‌ಕ್ಯಾಪ್ ಫಂಡ್, ಮತ್ತೊಂದು ಲಾರ್ಜ್‌ಕ್ಯಾಪ್ ಫಂಡ್ ಈ ಮೂರನ್ನೂ ತೆರೆದು ನೋಡಿದರೆ ಅವೇ ದೊಡ್ಡ ಬ್ಯಾಂಕುಗಳು, ಅದೇ ರಿಲಯನ್ಸ್, ಅವೇ ಐಟಿ ಕಂಪನಿಗಳು ಸ್ವಲ್ಪ ಬೇರೆ ಬೇರೆ ಪ್ರಮಾಣದಲ್ಲಿ ಕಾಣುತ್ತವೆ.

ಎರಡು ಹೂಡಿಕೆಗಳು ಎಷ್ಟರಮಟ್ಟಿಗೆ ಜೊತೆಯಾಗಿ ಏರಿಳಿಯುತ್ತವೆ ಎಂಬುದನ್ನು ಸಹಸಂಬಂಧದ ಸಂಖ್ಯೆಯಿಂದ ಅಳೆಯುತ್ತಾರೆ. ಅದು 1 ಆದರೆ ಎರಡೂ ಪೂರ್ತಿಯಾಗಿ ಒಂದೇ ತಾಳದಲ್ಲಿ ನಡೆಯುತ್ತಿವೆ ಎಂದರ್ಥ. 0 ಆದರೆ ಒಂದರ ನಡೆಯಿಂದ ಇನ್ನೊಂದರ ನಡೆಯನ್ನು ಊಹಿಸಲಾಗದು. ಈಗ ಸುಲಭದ ಒಂದು ಲೆಕ್ಕ ಮಾಡೋಣ. ಎರಡು ಫಂಡ್‌ಗಳಿವೆ, ಎರಡರ ವಾರ್ಷಿಕ ಏರಿಳಿತವೂ ಶೇಕಡಾ 20, ಎರಡರಲ್ಲೂ ಸಮನಾಗಿ ಹಣ ಹಾಕಿದ್ದೀರಿ ಎಂದಿಟ್ಟುಕೊಳ್ಳಿ. ಆಗ ಎರಡೂ ಸೇರಿದ ಹೂಡಿಕೆಯ ಏರಿಳಿತ ಹೀಗೆ ಬರುತ್ತದೆ; ಇಲ್ಲಿ r ಎಂಬುದು ಸಹಸಂಬಂಧ.

```
ಒಟ್ಟು ಏರಿಳಿತ = 20 × √((1 + r) / 2)
```

r ಶೂನ್ಯವಾದರೆ ಉತ್ತರ ಸುಮಾರು 14.1. ಅಂದರೆ ಸರಾಸರಿ ಪ್ರತಿಫಲ ಸ್ವಲ್ಪವೂ ತಗ್ಗದೆ ಏರಿಳಿತ ಮಾತ್ರ ಶೇಕಡಾ 29ರಷ್ಟು ತಗ್ಗಿತು. r ಬೆಲೆ 0.5 ಆದರೆ ಸುಮಾರು 17.3. ಅದೇ 0.9 ಆದರೆ 19.5. ನಿಮ್ಮ ಏಜೆಂಟರು ಹೇಳುತ್ತಿರುವ ಹೊಸ ಫಂಡ್ ಈ ಕೊನೆಯ ಸಾಲಿಗೆ ಸೇರುತ್ತದೆ. ಇಪ್ಪತ್ತಿದ್ದದ್ದು ಹತ್ತೊಂಬತ್ತೂವರೆ ಆಯಿತು, ಅಷ್ಟೇ.

ಸಂಖ್ಯೆ ಹೆಚ್ಚಿಸಿದರೆ ಅಪಾಯ ಇಳಿಯುತ್ತದೆ ಎಂಬ ಮಾತನ್ನೂ ಇದೇ ಲೆಕ್ಕದಿಂದ ಪರೀಕ್ಷಿಸಬಹುದು. ಪರಸ್ಪರ 0.9 ಸಹಸಂಬಂಧವಿರುವ ಇಂಥ ಹತ್ತು ಫಂಡ್‌ಗಳನ್ನು ಸಮವಾಗಿ ಕೊಂಡರೆ ಏರಿಳಿತ 19.1ಕ್ಕೆ ಬರುತ್ತದೆ, ನೂರು ಕೊಂಡರೂ ಸುಮಾರು 19ಕ್ಕೇ ನಿಲ್ಲುತ್ತದೆ. ಎಷ್ಟೇ ಫಂಡ್ ಸೇರಿಸಿದರೂ ಆ ತಳದಿಂದ ಕೆಳಗೆ ಇಳಿಯಲು ಸಾಧ್ಯವಿಲ್ಲ, ಏಕೆಂದರೆ ಎಲ್ಲಕ್ಕೂ ಸಮಾನವಾದ ಅಪಾಯ ಪ್ರತಿಯೊಂದರಲ್ಲೂ ಇದ್ದೇ ಇರುತ್ತದೆ. ಹ್ಯಾರಿ ಮಾರ್ಕೊವಿಟ್ಜ್ 1952ರ ತಮ್ಮ ಪ್ರಬಂಧದಲ್ಲಿ ಒತ್ತಿ ಹೇಳಿದ್ದೂ ಇದನ್ನೇ: ಒಂದು ಹೂಡಿಕೆ ತಾನೊಂದೇ ಎಷ್ಟು ಏರಿಳಿಯುತ್ತದೆ ಎಂಬುದನ್ನಷ್ಟೇ ನೋಡಿದರೆ ಸಾಲದು, ನಮ್ಮ ಬಳಿ ಈಗಾಗಲೇ ಇರುವವುಗಳ ಜೊತೆ ಅದು ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ನೋಡಬೇಕು.

ಆದರೆ ಮೇಡಂ, ನಿಮ್ಮ ಪಟ್ಟಿಯಲ್ಲಿ ಎಂಟನೆಯ ಫಂಡ್‌ಗಿಂತ ನನಗೆ ಹೆಚ್ಚು ಚಿಂತೆ ತಂದದ್ದು ಮೊದಲ ಮೂರು ಸಾಲುಗಳು. ನಿಮ್ಮ ಕಂಪನಿಯ ಷೇರು, ನಾಸ್ಡಾಕ್ 100, ನಿಫ್ಟಿ ಐಟಿ ಮೂರೂ ಸೇರಿ 65 ಲಕ್ಷ, ಅಂದರೆ ಒಟ್ಟು ಹಣದ ಅರ್ಧಕ್ಕಿಂತ ಹೆಚ್ಚು. 2022ರಲ್ಲಿ ಅಮೆರಿಕದ ಫೆಡರಲ್ ರಿಸರ್ವ್ ತನ್ನ ಬಡ್ಡಿದರವನ್ನು ಸೊನ್ನೆಯ ಆಸುಪಾಸಿನಿಂದ ಡಿಸೆಂಬರ್ ವೇಳೆಗೆ ಶೇಕಡಾ 4.25ರಿಂದ 4.5ರ ಮಟ್ಟಕ್ಕೆ ಏರಿಸಿತು. ಮುಂದೆಂದೋ ಬರಲಿರುವ ಲಾಭವನ್ನು ನೆಚ್ಚಿಕೊಂಡು ಬೆಲೆ ಕಟ್ಟಿದ್ದ ತಂತ್ರಜ್ಞಾನ ಷೇರುಗಳಿಗೆ ಇದರಿಂದ ದೊಡ್ಡ ಪೆಟ್ಟು ಬಿತ್ತು. ನಾಸ್ಡಾಕ್ 100 ಸೂಚ್ಯಂಕ ಆ ವರ್ಷ ಡಾಲರ್ ಲೆಕ್ಕದಲ್ಲಿ ಸುಮಾರು ಶೇಕಡಾ 33ರಷ್ಟು ಕುಸಿಯಿತು. ರೂಪಾಯಿಯೂ ದುರ್ಬಲವಾದ್ದರಿಂದ ನಮ್ಮ ಲೆಕ್ಕಕ್ಕೆ ಆ ನಷ್ಟ ಸುಮಾರು ಶೇಕಡಾ 25ರಷ್ಟಾಯಿತು. ಅಮೆರಿಕದ ಗ್ರಾಹಕರು ಖರ್ಚು ಬಿಗಿಹಿಡಿಯುತ್ತಾರೆಂಬ ಭಯದಿಂದ ನಿಫ್ಟಿ ಐಟಿ ಕೂಡ ಸುಮಾರು ಶೇಕಡಾ 26ರಷ್ಟು ಇಳಿಯಿತು. ಅದೇ ವರ್ಷ ನಿಫ್ಟಿ 50 ಶೇಕಡಾ 4ರಷ್ಟು ಏರಿತ್ತು.

ಈಗಿನ ನಿಮ್ಮ 120 ಲಕ್ಷದ ಮೇಲೆ ಅಂಥದ್ದೇ ಒಂದು ವರ್ಷ ಬಂದರೆ, ನಿಮ್ಮ ಕಂಪನಿಯ ಷೇರೂ ನಾಸ್ಡಾಕ್‌ನಷ್ಟೇ ಬಿದ್ದರೆ, ಆ ಮೂರರಿಂದ ಆಗುವ ಇಳಿಕೆ ಸುಮಾರು 16 ಲಕ್ಷ. ಉಳಿದ ನಾಲ್ಕರಿಂದ ಬರುವ ಏರಿಕೆ ಎಲ್ಲವೂ ಸೇರಿ ಮೂರೂವರೆ ಲಕ್ಷದ ಹತ್ತಿರ ನಿಲ್ಲುತ್ತದೆ. ಆಧರಿಸುವಂಥವು ನಿಮ್ಮಲ್ಲಿ ಇಲ್ಲವೆಂದಲ್ಲ, ಅವುಗಳ ಪ್ರಮಾಣ ಸಾಲದು.

ಇನ್ನೊಂದು ವಿಷಯವನ್ನು ನಿಮ್ಮ ಪಟ್ಟಿಯಲ್ಲಿ ಬರೆದಿಲ್ಲ. ನಿಮ್ಮ ಸಂಬಳವೂ ಅದೇ ಮೂಲದಿಂದ ಬರುತ್ತದೆ. 2022ರ ನವೆಂಬರ್‌ನಿಂದ 2023ರ ಜನವರಿಯ ನಡುವೆ ಮೆಟಾ 11,000, ಮೈಕ್ರೋಸಾಫ್ಟ್ 10,000, ಗೂಗಲ್‌ನ ಮಾತೃಸಂಸ್ಥೆ 12,000 ಹುದ್ದೆಗಳನ್ನು ಕಡಿತಗೊಳಿಸುವುದಾಗಿ ಪ್ರಕಟಿಸಿದವು. ಷೇರು ಕುಸಿದ ಹೊತ್ತಿಗೇ ಕೆಲಸಕ್ಕೂ ಕುತ್ತು ಬಂದಿತ್ತು. ಆದ್ದರಿಂದ ನಿಮ್ಮ ಮಟ್ಟಿಗೆ 65 ಲಕ್ಷಕ್ಕಿಂತಲೂ ಹೆಚ್ಚಿನದು ಒಂದೇ ಕಾರಣಕ್ಕೆ ಅಧೀನವಾಗಿದೆ.

ಮೈಸೂರು ಮೇಷ್ಟ್ರು

ಇಷ್ಟೆಲ್ಲ ಕಷ್ಟ ಏಕೆ ಎಂದು ನನಗೆ ಅರ್ಥವಾಗುತ್ತಿಲ್ಲ. ನನ್ನದು ಒಂದು ಸೈಟು, ಅಂಚೆ ಕಚೇರಿಯ ಠೇವಣಿ, ಬ್ಯಾಂಕಿನಲ್ಲಿ ಎಫ್‌ಡಿ. 2008ರಲ್ಲಾಗಲಿ 2020ರಲ್ಲಾಗಲಿ ನನ್ನ ಸೈಟಿನ ಬೆಲೆ ಒಂದು ರೂಪಾಯಿಯೂ ಇಳಿಯಲಿಲ್ಲ. ಸಹಸಂಬಂಧ ಕಡಿಮೆ ಇರಬೇಕು ಎನ್ನುವುದಾದರೆ ಎಲ್ಲರೂ ಸೈಟು ಕೊಂಡರೆ ಸಾಕಲ್ಲವೇ?

ಅಂಕಗಣಿತ

ಮೇಷ್ಟ್ರೇ, ಠೇವಣಿಯ ವಿಷಯದಲ್ಲಿ ನಿಮ್ಮ ಮಾತನ್ನು ಒಪ್ಪುತ್ತೇನೆ. ಸೈಟಿನ ವಿಷಯದಲ್ಲಿ ಮಾತ್ರ ಒಂದು ಎಚ್ಚರಿಕೆ ಬೇಕು. ಷೇರಿನ ಬೆಲೆ ದಿನವಿಡೀ ಬದಲಾಗುತ್ತ ಕಣ್ಣಿಗೆ ಬೀಳುತ್ತದೆ. ಸೈಟಿನ ಬೆಲೆ ತಿಳಿಯುವುದು ಮಾರಿದ ದಿನ ಮಾತ್ರ. 2020ರ ಏಪ್ರಿಲ್‌ನಲ್ಲಿ ನೀವು ಸೈಟು ಮಾರಲು ಹೊರಟಿದ್ದರೆ ನೋಂದಣಿ ಕಚೇರಿಯೇ ಮುಚ್ಚಿರುತ್ತಿತ್ತು, ತೆರೆದ ಮೇಲೂ ಕೊಳ್ಳುವವರು ಬಹಳ ಚೌಕಾಸಿ ಮಾಡುತ್ತಿದ್ದರು. ಆ ಇಳಿಕೆ ಎಲ್ಲಿಯೂ ದಾಖಲಾಗದ ಕಾರಣ ಸಹಸಂಬಂಧದ ಲೆಕ್ಕದಲ್ಲಿ ಸೈಟು ಬಹಳ ಸಾಧುವಾಗಿ ಕಾಣುತ್ತದೆ. ಅಪರೂಪಕ್ಕೆ ಬೆಲೆ ಕಟ್ಟುವ ಯಾವ ಆಸ್ತಿಗೂ ಈ ಮಾತು ಅನ್ವಯಿಸುತ್ತದೆ. ಮೇಡಂ ಅವರ ಸಂದರ್ಭದಲ್ಲಂತೂ ವೈಟ್‌ಫೀಲ್ಡ್ ಕಡೆಯ ಮನೆ ಬಾಡಿಗೆ ಮತ್ತು ಬೆಲೆ ಎರಡೂ ಐಟಿ ಉದ್ಯೋಗಗಳ ಮೇಲೆಯೇ ನಿಂತಿವೆ. ಅಲ್ಲೊಂದು ಫ್ಲ್ಯಾಟು ಕೊಂಡರೆ ಅದೂ ಆ 65 ಲಕ್ಷದ ಜೊತೆಗೇ ಸೇರುತ್ತದೆ.

ಪೇಟೆಯ ಹಳಬ

ಅಂಕಗಣಿತ ಅವರೇ, ನಿಮ್ಮ ಮಾತು ಕೇಳಿ ನಾನೇ ಸ್ಪ್ರೆಡ್‌ಶೀಟ್‌ನಲ್ಲಿ ಪರೀಕ್ಷಿಸಿ ನೋಡಿದೆ. ನನ್ನ ನಿಫ್ಟಿ ಫಂಡ್‌ನ ಎನ್‌ಎವಿಗಳನ್ನು, ಅಂದರೆ ಒಂದೊಂದು ಯೂನಿಟ್‌ನ ಬೆಲೆಗಳನ್ನು, ಒಂದು ಸಾಲಿನಲ್ಲಿ, ಚಿನ್ನದ ಇಟಿಎಫ್‌ನ ಬೆಲೆಗಳನ್ನು ಇನ್ನೊಂದು ಸಾಲಿನಲ್ಲಿ ಹಾಕಿ ಸಹಸಂಬಂಧ ತೆಗೆದರೆ 0.9ಕ್ಕಿಂತ ಹೆಚ್ಚು ಬಂತು. ಚಿನ್ನವೇ ಷೇರಿನ ಜೊತೆ ಹೀಗೆ ನಡೆದರೆ ಹಂಚುವುದಕ್ಕೆ ಇನ್ನೇನು ಉಳಿಯಿತು? ಈ ಅಳತೆಗೋಲನ್ನೇ ನಂಬಲಾಗದು ಎಂದು ನನಗನ್ನಿಸುತ್ತದೆ.

ಅಂಕಗಣಿತ

ನೀವು ಸ್ವತಃ ಲೆಕ್ಕ ಮಾಡಿ ನೋಡಿದ್ದು ಸಂತೋಷದ ವಿಷಯ. ಅಳತೆಗೋಲು ಸರಿಯಾಗಿಯೇ ಇದೆ, ಅಳೆದ ವಸ್ತು ಬೇರೆಯಾಗಿದೆ. ನೀವು ಬೆಲೆಗಳ ನಡುವಿನ ಸಹಸಂಬಂಧ ತೆಗೆದಿದ್ದೀರಿ. ವರ್ಷಗಳು ಉರುಳಿದಂತೆ ನಿಫ್ಟಿಯೂ ಏರಿದೆ, ಚಿನ್ನವೂ ಏರಿದೆ. ಏರುತ್ತ ಹೋಗುವ ಯಾವ ಎರಡು ಸಾಲುಗಳನ್ನು ಪಕ್ಕದಲ್ಲಿಟ್ಟರೂ, ಅವುಗಳಿಗೆ ಒಂದಕ್ಕೊಂದು ಏನೇನೂ ನಂಟಿಲ್ಲದಿದ್ದರೂ, ಸಂಖ್ಯೆ 0.9ರ ಆಚೆಗೆ ಬರುವುದುಂಟು. ನಮಗೆ ತಿಳಿಯಬೇಕಾದದ್ದು ಒಂದು ತಿಂಗಳು ಷೇರು ಬಿದ್ದಾಗ ಅದೇ ತಿಂಗಳು ಚಿನ್ನ ಏನು ಮಾಡಿತು ಎಂಬುದು. ಅದಕ್ಕಾಗಿ ಮೊದಲು ಪ್ರತಿ ತಿಂಗಳ ಪ್ರತಿಫಲ ತೆಗೆದು, ಆಮೇಲೆ ಆ ಪ್ರತಿಫಲಗಳ ನಡುವೆ ಸಹಸಂಬಂಧ ಹುಡುಕಬೇಕು.

A ಸಾಲಿನಲ್ಲಿ ತಿಂಗಳ ಕೊನೆಯ ದಿನಾಂಕ, B ಮತ್ತು C ಸಾಲುಗಳಲ್ಲಿ ಎರಡು ಫಂಡ್‌ಗಳ ಎನ್‌ಎವಿ ಎರಡನೆಯ ಅಡ್ಡಸಾಲಿನಿಂದ ಶುರುವಾಗಿವೆ ಎಂದಿಟ್ಟುಕೊಳ್ಳಿ. ಐದು ವರ್ಷದ 60 ಪ್ರತಿಫಲಗಳಿಗೆ 61 ಎನ್‌ಎವಿ ಬೇಕು.

```
D3:  =B3/B2-1
E3:  =C3/C2-1
(D3, E3 ಎರಡನ್ನೂ 62ರವರೆಗೆ ಎಳೆಯಿರಿ)
G1:  =CORREL(D3:D62,E3:E62)
```

ಇದನ್ನು ಮಾಡುವಾಗ ಎರಡು ಕಡೆ ಜನ ಎಡವುತ್ತಾರೆ. ಮೊದಲನೆಯದಾಗಿ, ಗ್ರೋತ್ ಆಯ್ಕೆಯ ಎನ್‌ಎವಿಯನ್ನೇ ತೆಗೆದುಕೊಳ್ಳಿ. ಡಿವಿಡೆಂಡ್ ಹಂಚುವ ಆಯ್ಕೆಯಲ್ಲಿ ಹಣ ಹಂಚಿದ ದಿನ ಎನ್‌ಎವಿ ದಿಢೀರನೆ ಇಳಿದು, ನಷ್ಟವೇ ಆಯಿತೇನೋ ಎಂಬಂತೆ ಲೆಕ್ಕಕ್ಕೆ ಬರುತ್ತದೆ. ಎರಡನೆಯದು ಅಮೆರಿಕದ ಫಂಡ್‌ಗಳಿಗೆ ಸಂಬಂಧಿಸಿದ್ದು. ನಮ್ಮ ಪೇಟೆ ಮಧ್ಯಾಹ್ನ ಮೂರೂವರೆಗೆ ಮುಚ್ಚಿದ ಎಷ್ಟೋ ಗಂಟೆಗಳ ನಂತರ ಅವರ ಪೇಟೆ ತೆರೆಯುತ್ತದೆ. ಸೋಮವಾರ ರಾತ್ರಿ ಅಲ್ಲಿ ಆದ ಕುಸಿತ ನಮ್ಮಲ್ಲಿ ಮಂಗಳವಾರ ಬೆಳಿಗ್ಗೆ ಕಾಣುತ್ತದೆ. ಆದ್ದರಿಂದ ದಿನದ ಅಂಕಿಗಳನ್ನು ಹಾಕಿದರೆ ನಾಸ್ಡಾಕ್ ಮತ್ತು ನಿಫ್ಟಿಯ ನಡುವೆ ಇರುವುದಕ್ಕಿಂತ ಬಹಳ ಕಡಿಮೆ ಸಹಸಂಬಂಧ ಕಾಣಿಸಿ, ಹಂಚಿಕೆ ಚೆನ್ನಾಗಿದೆ ಎಂಬ ತಪ್ಪು ಸಮಾಧಾನ ಸಿಗುತ್ತದೆ. ತಿಂಗಳ ಅಂಕಿಗಳಲ್ಲಿ ಈ ಒಂದು ದಿನದ ವ್ಯತ್ಯಾಸ ಮುಳುಗಿಹೋಗುತ್ತದೆ.

60 ತಿಂಗಳು ಎಂಬುದು ದೊಡ್ಡ ಸಂಖ್ಯೆಯಲ್ಲ ಎಂಬುದೂ ನೆನಪಿರಲಿ. ನಿಜವಾದ ಸಹಸಂಬಂಧ ಶೂನ್ಯವಾಗಿದ್ದರೂ ಇಷ್ಟು ಅಂಕಿಗಳಲ್ಲಿ 0.2 ಅಥವಾ ಋಣ 0.2 ಬರುವುದು ಅಪರೂಪವೇನಲ್ಲ. ಹಾಗಾಗಿ 0.1 ಬಂದದ್ದು 0.25 ಬಂದದ್ದಕ್ಕಿಂತ ಮೇಲೆಂದು ಆಯ್ಕೆ ಮಾಡಲು ಹೋಗಬೇಡಿ. 0.97 ಬಂದರೆ ಮಾತ್ರ ಅನುಮಾನಕ್ಕೆ ಎಡೆಯಿಲ್ಲ.

ಪೇಟೆಯ ಹಳಬ

ತಾವು ಹೇಳಿದಂತೆ ಪ್ರತಿಫಲ ತೆಗೆದು ಮತ್ತೆ ಮಾಡಿದೆ. ನಿಫ್ಟಿ ಮತ್ತು ಚಿನ್ನದ ನಡುವಿನ ಸಂಖ್ಯೆ ಸೊನ್ನೆಯ ಹತ್ತಿರಕ್ಕೆ ಬಂತು. ಇದನ್ನು ಒಪ್ಪುತ್ತೇನೆ. ಆದರೆ ನನ್ನ ಇನ್ನೊಂದು ಆಕ್ಷೇಪ ಹಾಗೆಯೇ ಉಳಿದಿದೆ. ನನ್ನ ಬಳಿ ಎರಡು ಲಾರ್ಜ್‌ಕ್ಯಾಪ್ ಫಂಡ್‌ಗಳಿವೆ. ಅವುಗಳ ಸಹಸಂಬಂಧ ಬಹಳ ಹೆಚ್ಚಿದೆ, ಆದರೂ ಹತ್ತು ವರ್ಷದಲ್ಲಿ ಒಂದು ಇನ್ನೊಂದಕ್ಕಿಂತ ಸಾಕಷ್ಟು ಮುಂದಿದೆ. ಎರಡೂ ಒಂದೇ ಎಂದಾದರೆ ಈ ಅಂತರ ಎಲ್ಲಿಂದ ಬಂತು?

ಅಂಕಗಣಿತ

ಒಳ್ಳೆಯ ಪ್ರಶ್ನೆ. ಸಹಸಂಬಂಧದ ಲೆಕ್ಕದಲ್ಲಿ ಪ್ರತಿಯೊಂದು ಫಂಡ್‌ನ ಪ್ರತಿಫಲದಿಂದ ಅದರದೇ ಸರಾಸರಿಯನ್ನು ಮೊದಲು ಕಳೆದುಬಿಡುತ್ತಾರೆ. ಒಂದು ಫಂಡ್ ಪ್ರತಿ ತಿಂಗಳೂ ಇನ್ನೊಂದಕ್ಕಿಂತ ಶೇಕಡಾ 0.2ರಷ್ಟು ಹೆಚ್ಚು ಗಳಿಸುತ್ತ ಹೋದರೂ ಸಹಸಂಬಂಧ ಪೂರ್ತಿ 1 ಆಗಿಯೇ ಇರಬಹುದು. ಹತ್ತು ವರ್ಷದಲ್ಲಿ ಆ ಚಿಕ್ಕ ವ್ಯತ್ಯಾಸ ದೊಡ್ಡ ಮೊತ್ತವಾಗಿ ಬೆಳೆಯುತ್ತದೆ. ಯಾವುದು ಮುಂದೆ ಹೋಗುತ್ತದೆ ಎಂಬುದಕ್ಕೆ ಈ ಸಂಖ್ಯೆಯಲ್ಲಿ ಉತ್ತರವಿಲ್ಲ. ಕೆಟ್ಟ ತಿಂಗಳಿನಲ್ಲಿ ಒಂದು ಇನ್ನೊಂದಕ್ಕೆ ಆಸರೆಯಾಗುತ್ತದೆಯೇ ಎಂಬುದಕ್ಕಷ್ಟೇ ಉತ್ತರವಿದೆ, ನಿಮ್ಮ ಎರಡು ಫಂಡ್‌ಗಳ ಮಟ್ಟಿಗೆ ಆ ಉತ್ತರ ಇಲ್ಲ ಎಂದೇ. 2020ರ ಜನವರಿಯ ಶಿಖರದಿಂದ ಮಾರ್ಚ್ 23ರ ಹೊತ್ತಿಗೆ ನಿಫ್ಟಿ ಸುಮಾರು ಶೇಕಡಾ 38ರಷ್ಟು ಕುಸಿದಾಗ ನಿಮ್ಮ ಎರಡೂ ಫಂಡ್‌ಗಳು ಎಷ್ಟು ಬಿದ್ದಿದ್ದವು ಎಂದು ಹಳೆಯ ಸ್ಟೇಟ್‌ಮೆಂಟ್ ತೆಗೆದು ನೋಡಿ.

ಮೂಡಿಗೆರೆ ತೋಟ

ಹಣದ ಪೇಟೆ ನನಗೆ ಅಷ್ಟಾಗಿ ತಿಳಿಯದು, ಆದರೆ ಈ ಚರ್ಚೆ ಓದುತ್ತಿದ್ದಂತೆ ನಮ್ಮ ತೋಟದ ಲೆಕ್ಕ ಕಣ್ಣ ಮುಂದೆ ಬಂತು. ನಮ್ಮದು ರೊಬಸ್ಟಾ ಕಾಫಿ, ಸಿಲ್ವರ್ ಮರಗಳಿಗೆ ಕಾಳುಮೆಣಸಿನ ಬಳ್ಳಿ ಹಬ್ಬಿಸಿದ್ದೇವೆ. ಕಾಫಿಯ ಧಾರಣೆ ಬಿದ್ದರೆ ಮೆಣಸು ಮನೆ ನಡೆಸುತ್ತದೆ ಎಂಬುದು ತಂದೆಯವರ ಕಾಲದಿಂದ ಬಂದ ನಂಬಿಕೆ, ಎಷ್ಟೋ ವರ್ಷ ಅದು ನಿಜವೂ ಆಗಿದೆ. ಫೆಬ್ರವರಿ, ಮಾರ್ಚ್‌ನಲ್ಲಿ ಹೂಮಳೆ ತಪ್ಪಿದರೆ ಕಾಫಿಗೆ ಪೆಟ್ಟು, ಮೆಣಸಿಗೆ ಅಷ್ಟು ತೊಂದರೆಯಿಲ್ಲ, ಏಕೆಂದರೆ ಅದು ತೆನೆ ಬಿಡುವುದು ಮುಂಗಾರು ಶುರುವಾದ ಮೇಲೆ. ಆದರೆ 2018 ಮತ್ತು 2019ರ ಆಗಸ್ಟ್‌ನಂತೆ ಮಳೆ ಸುರಿದರೆ ಕಾಫಿ ಕಾಯಿ ಉದುರುವುದೂ ಮೆಣಸಿನ ಬಳ್ಳಿಗೆ ಸೊರಗು ರೋಗ ತಗಲುವುದೂ ಒಂದೇ ತಿಂಗಳಲ್ಲಿ. ನಾವು ಎರಡು ಬೆಳೆ ಎಂದುಕೊಂಡದ್ದು ಆ ವರ್ಷಗಳಲ್ಲಿ ಒಂದೇ ಬೆಳೆಯಂತಾಯಿತು. ಇದೂ ನೀವು ಹೇಳುವ ಸಹಸಂಬಂಧವೇ ತಾನೇ?

ಅಂಕಗಣಿತ

ಅದೇ, ಮತ್ತು ನಾನು ಸಂಖ್ಯೆಗಳಲ್ಲಿ ಹೇಳಿದ್ದಕ್ಕಿಂತ ಒಂದು ಹೆಜ್ಜೆ ಮುಂದಿನದನ್ನು ನೀವು ಹೇಳಿದ್ದೀರಿ. ಸಹಸಂಬಂಧ ಎರಡು ವಸ್ತುಗಳ ಸ್ಥಿರವಾದ ಗುಣವಲ್ಲ. ಯಾವ ಕಾರಣದಿಂದ ಪೆಟ್ಟು ಬಿತ್ತು ಎಂಬುದರ ಮೇಲೆ ಅದು ಬದಲಾಗುತ್ತದೆ. ಹೂಮಳೆ ತಪ್ಪಿದ ವರ್ಷ ನಿಮ್ಮ ಎರಡು ಬೆಳೆಗಳು ಬೇರೆ ಬೇರೆ, ಆಗಸ್ಟ್‌ನ ಅತಿವೃಷ್ಟಿಯ ವರ್ಷ ಎರಡೂ ಒಂದೇ. ಧಾರಣೆಯ ಕಡೆಯಿಂದಲೂ ಒಂದು ನಂಟಿದೆ. ರೊಬಸ್ಟಾ ಕಾಫಿಯನ್ನೂ ಕಾಳುಮೆಣಸನ್ನೂ ಜಗತ್ತಿನಲ್ಲಿ ಅತಿ ಹೆಚ್ಚು ಬೆಳೆಯುವುದು ವಿಯೆಟ್ನಾಂ. ಅಲ್ಲಿ ಬರ ಬಂದರೆ ಎರಡರ ಬೆಲೆಗೂ ಒಂದೇ ಕಡೆಯಿಂದ ಕಾವು ತಗಲುತ್ತದೆ, ಅಲ್ಲಿ ಎರಡೂ ಹುಲುಸಾಗಿ ಬಂದರೆ ಇಲ್ಲಿ ಎರಡಕ್ಕೂ ಧಾರಣೆ ಕುಗ್ಗಬಹುದು.

ಮೂಡಿಗೆರೆ ತೋಟ

ವಿಯೆಟ್ನಾಮಿನ ಮಾತು ನಿಜ. ಆದರೂ ಮೆಣಸನ್ನು ಒಣಗಿಸಿ ವರ್ಷಗಟ್ಟಲೆ ಮನೆಯಲ್ಲಿಟ್ಟು ಬೆಲೆ ಬಂದಾಗ ಮಾರಬಹುದು. ಕಾಫಿಯನ್ನು ಅಷ್ಟು ಕಾಲ ಇಡುವುದಕ್ಕಾಗದು. ಎರಡರ ಧಾರಣೆಯೂ ಒಟ್ಟಿಗೆ ಬಿದ್ದರೂ ಒಟ್ಟಿಗೇ ಮಾರಲೇಬೇಕೆಂಬ ಒತ್ತಾಯ ನಮಗಿಲ್ಲ ಎಂಬುದು ನಮ್ಮ ಪುಣ್ಯ.

ಸನ್ನಿವೇಲ್ ಕನ್ನಡಿಗ

ಮಾರುವ ಒತ್ತಾಯದ ಬಗ್ಗೆ ತೋಟದವರು ಹೇಳಿದ್ದು ಬಹಳ ಮುಖ್ಯವಾದದ್ದು. 2020ರ ಮಾರ್ಚ್‌ನ ಎರಡನೆಯ ಮತ್ತು ಮೂರನೆಯ ವಾರಗಳಲ್ಲಿ ಷೇರಿನ ಜೊತೆಗೆ ಚಿನ್ನವೂ ಡಾಲರ್ ಲೆಕ್ಕದಲ್ಲಿ ಇಳಿಯಿತು. ಷೇರಿನಲ್ಲಿ ನಷ್ಟವಾಗಿ ನಗದು ತುಂಬಲೇಬೇಕಾದವರು ಕೈಗೆ ಸಿಕ್ಕಿದ್ದನ್ನೆಲ್ಲ ಮಾರಿದ್ದೇ ಅದಕ್ಕೆ ಕಾರಣ. ಆ ವಾರಗಳಲ್ಲಿ ಚಿನ್ನ ಆಸರೆಯಾಗಲಿಲ್ಲ. ತಡೆದುಕೊಂಡವರಿಗೆ ಮಾತ್ರ ಅದೇ ವರ್ಷದ ಆಗಸ್ಟ್‌ನಲ್ಲಿ ಔನ್ಸ್‌ಗೆ 2,000 ಡಾಲರ್ ದಾಟಿದ ಬೆಲೆ ಸಿಕ್ಕಿತು.

ನಾನು ಕ್ಯಾಲಿಫೋರ್ನಿಯಾದಲ್ಲಿದ್ದೇನೆ. ಇಲ್ಲಿ ನಮಗೆ ಕಲಿಸಿದ ಪಾಠವೆಂದರೆ ಶೇಕಡಾ 60 ಷೇರು, ಶೇಕಡಾ 40 ಬಾಂಡ್; ಷೇರು ಬಿದ್ದರೆ ಬಾಂಡ್ ಏರುತ್ತದೆ. ಈ ಶತಮಾನದ ಮೊದಲ ಎರಡು ದಶಕಗಳಲ್ಲಿ ಹೆಚ್ಚಾಗಿ ಹಾಗೆಯೇ ನಡೆಯಿತು. 2022ರಲ್ಲಿ ಎಸ್ ಆ್ಯಂಡ್ ಪಿ 500 ಡಿವಿಡೆಂಡ್ ಸೇರಿಸಿದ ಮೇಲೂ ಸುಮಾರು ಶೇಕಡಾ 18ರಷ್ಟು ಬಿದ್ದಿತು, ಇಲ್ಲಿನ ಬಾಂಡ್‌ಗಳ ಮುಖ್ಯ ಸೂಚ್ಯಂಕವೂ ಶೇಕಡಾ 13ರಷ್ಟು ಬಿದ್ದಿತು. ಆರ್ಥಿಕ ಹಿಂಜರಿತದ ಭಯದಿಂದ ಷೇರು ಬೀಳುವಾಗ ಬಡ್ಡಿ ಇಳಿದು ಬಾಂಡ್ ಏರುತ್ತಿತ್ತು. ಈ ಬಾರಿ ಹಣದುಬ್ಬರ ಮತ್ತು ಬಡ್ಡಿ ಏರಿದ್ದೇ ಎರಡಕ್ಕೂ ಪೆಟ್ಟಾಯಿತು. ಹಳೆಯ ಇಪ್ಪತ್ತು ವರ್ಷದ ಸಹಸಂಬಂಧವನ್ನು ನಂಬಿದವರಿಗೆ ಅದು ಉಪಯೋಗಕ್ಕೆ ಬರಲಿಲ್ಲ.

ಆದರೆ ಅಂಕಗಣಿತ ಅವರ ಒಂದು ಮಾತನ್ನು ನಾನು ಒಪ್ಪಲಾರೆ. ನಾಸ್ಡಾಕ್ 100 ಮತ್ತು ನಿಫ್ಟಿ ಐಟಿಯನ್ನು ಒಂದೇ ಗುಂಪಿಗೆ ಕಟ್ಟುವುದು ಸರಿಯಲ್ಲ. ನಾಸ್ಡಾಕ್‌ನ ತೂಕ ಚಿಪ್, ಜಾಹೀರಾತು, ಕ್ಲೌಡ್ ಕಂಪನಿಗಳಲ್ಲಿದೆ. ನಿಫ್ಟಿ ಐಟಿಯಲ್ಲಿರುವುದು ಬ್ಯಾಂಕು, ವಿಮೆ, ಚಿಲ್ಲರೆ ವ್ಯಾಪಾರದ ಗ್ರಾಹಕರಿಗೆ ಸೇವೆ ಮಾರುವ ಹತ್ತು ಕಂಪನಿಗಳು. 2023ರಲ್ಲಿ ನಾಸ್ಡಾಕ್ 100 ಅರ್ಧಕ್ಕೂ ಹೆಚ್ಚು ಏರಿದಾಗ ನಿಫ್ಟಿ ಐಟಿ ನಾಲ್ಕನೇ ಒಂದು ಭಾಗದಷ್ಟು ಮಾತ್ರ ಏರಿತು. 2025ರಲ್ಲಂತೂ ನಾಸ್ಡಾಕ್ ಏರಿತು, ನಿಫ್ಟಿ ಐಟಿ ಇಳಿಯಿತು. 2022ರ ಒಂದು ವರ್ಷವನ್ನು ಹಿಡಿದು ಎರಡೂ ಒಂದೇ ಎನ್ನಬಹುದೇ?

ಅಂಕಗಣಿತ

ನಿಮ್ಮ ಆಕ್ಷೇಪದಲ್ಲಿ ಹುರುಳಿದೆ. ಆ ಎರಡರ ನಡುವಿನ ಸಹಸಂಬಂಧ ಎರಡು ಲಾರ್ಜ್‌ಕ್ಯಾಪ್ ಫಂಡ್‌ಗಳ ನಡುವಿನಷ್ಟು ಖಂಡಿತ ಇಲ್ಲ. ಮೇಡಂ ಅವರ ಸ್ಥಾನದಲ್ಲಿ ನಿಂತು ನೋಡಿದಾಗ ಮಾತ್ರ ನಾನು ಅವುಗಳನ್ನು ಒಟ್ಟಿಗೆ ಇಡುತ್ತೇನೆ. ಸಾಧಾರಣ ವರ್ಷದಲ್ಲಿ ಎರಡೂ ಬೇರೆ ದಾರಿ ಹಿಡಿದರೆ ಅವರಿಗೆ ದೊಡ್ಡ ಲಾಭವೂ ಇಲ್ಲ, ನಷ್ಟವೂ ಇಲ್ಲ. ಅವರ ಕೆಲಸಕ್ಕೇ ಸಂಚಕಾರ ಬರುವಂಥ ವರ್ಷ ಯಾವುದು ಎಂದು ಕೇಳಿದರೆ, ಅಮೆರಿಕದ ಕಂಪನಿಗಳು ತಂತ್ರಜ್ಞಾನಕ್ಕೆ ಮಾಡುವ ಖರ್ಚನ್ನು ಕಡಿತಗೊಳಿಸಿದ ವರ್ಷ. ಅಂಥ ವರ್ಷದಲ್ಲಿ ಎರಡೂ ಒಟ್ಟಿಗೆ ಇಳಿಯುವ ಸಾಧ್ಯತೆ ಹೆಚ್ಚು ಎಂಬುದು ನನ್ನ ಅಭಿಪ್ರಾಯ. ಸರಾಸರಿಯ ಸಹಸಂಬಂಧಕ್ಕಿಂತ ಆ ವರ್ಷದ್ದು ಅವರಿಗೆ ಮುಖ್ಯ. ಇದನ್ನು ಅಂಕಿಗಳಿಂದ ಸಾಧಿಸಿ ತೋರಿಸುವಷ್ಟು ಇಂಥ ವರ್ಷಗಳು ನಮ್ಮ ಬಳಿ ಇಲ್ಲ ಎಂಬುದನ್ನು ಒಪ್ಪಲೇಬೇಕು.

ಸನ್ನಿವೇಲ್ ಕನ್ನಡಿಗ

ಹಾಗಾದರೆ ಅದು ಊಹೆಯೇ ಆಯಿತು. ಊಹೆ ತಪ್ಪೆಂದು ನಾನು ಹೇಳುತ್ತಿಲ್ಲ, ಆದರೆ ಕೃತಕ ಬುದ್ಧಿಮತ್ತೆಯ ಅಲೆಯಲ್ಲಿ ಚಿಪ್ ಕಂಪನಿ ಏರಿ ಸೇವಾ ಕಂಪನಿ ಸೊರಗುವ ಸಾಧ್ಯತೆಯೂ ಅಷ್ಟೇ ಇದೆ. ಆಗ ನಾಸ್ಡಾಕ್ ಅವರಿಗೆ ಆಸರೆಯಾಗುತ್ತದೆ.

ವೈಟ್‌ಫೀಲ್ಡ್ ವಾಸಿ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಮ್ಯೂಚುವಲ್ ಫಂಡ್ ಸಂಸ್ಥೆಗಳ ಸಂಘವಾದ ಆಂಫಿಯ ಜಾಲತಾಣದಿಂದ ಗ್ರೋತ್ ಆಯ್ಕೆಯ ಎನ್‌ಎವಿಗಳನ್ನು ತೆಗೆದು ನಾನೂ ಲೆಕ್ಕ ಮಾಡಿದೆ. ನಿಫ್ಟಿ 50 ಫಂಡ್ ಮತ್ತು ನನ್ನ ಲಾರ್ಜ್‌ಕ್ಯಾಪ್ ಫಂಡ್ ನಡುವೆ 0.97 ಬಂತು, ಏಜೆಂಟರು ಹೇಳಿದ ಫಂಡ್‌ಗೂ ಹೆಚ್ಚುಕಡಿಮೆ ಅದೇ. ಹಾಗಾಗಿ ಎಂಟನೆಯದನ್ನು ಕೊಳ್ಳುವುದಿಲ್ಲ ಎಂದು ಅವರಿಗೆ ತಿಳಿಸಿದ್ದೇನೆ. ನನ್ನ ಕಂಪನಿಯ ಷೇರು ಮತ್ತು ನಾಸ್ಡಾಕ್ ಫಂಡ್ ನಡುವೆ 0.7ರ ಹತ್ತಿರ, ನಾಸ್ಡಾಕ್ ಮತ್ತು ನಿಫ್ಟಿ ಐಟಿ ನಡುವೆ ಅದಕ್ಕಿಂತ ಕಡಿಮೆ ಬಂತು. ಈ ಒಂದು ವಿಷಯದಲ್ಲಿ ಸನ್ನಿವೇಲ್ ಅವರ ಮಾತು ನನ್ನ ಹಾಳೆಯಲ್ಲೂ ಕಾಣುತ್ತಿದೆ.

ಕಂಪನಿಯ ಷೇರನ್ನು ಮಾರಲು ನನಗೆ ಇರುವ ಅಡ್ಡಿ ಎರಡು. ಒಂದು ತೆರಿಗೆ. ಇನ್ನೊಂದು, ಮಗ ಮುಂದೆ ಅಮೆರಿಕದಲ್ಲಿ ಓದಬೇಕೆಂದಿದ್ದಾನೆ, ಆ ಖರ್ಚು ಡಾಲರ್‌ನಲ್ಲಿಯೇ ಬರುತ್ತದೆ. ಎಲ್ಲವನ್ನೂ ರೂಪಾಯಿಗೆ ತಂದರೆ ಆಗ ಕಷ್ಟವಾಗುವುದಿಲ್ಲವೇ?

ಅಂಕಗಣಿತ

ತೆರಿಗೆಯ ಬಗ್ಗೆ ಒಂದು ಮಾತು. ಆರ್‌ಎಸ್‌ಯು ವೆಸ್ಟ್ ಆದ, ಅಂದರೆ ಷೇರು ನಿಮ್ಮದಾದ ದಿನದ ಬೆಲೆಗೆ ಸಂಬಳದಂತೆಯೇ ತೆರಿಗೆ ಕಟ್ಟಿ ಆಗಿರುತ್ತದೆ. ಆಮೇಲೆ ಬರುವ ಲಾಭಕ್ಕೆ ಮಾತ್ರ ಬಂಡವಾಳ ಲಾಭ ತೆರಿಗೆ. ಹೊಸದಾಗಿ ವೆಸ್ಟ್ ಆದದ್ದನ್ನು ಅದೇ ವಾರ ಮಾರಿದರೆ ಆ ಲಾಭ ಇಲ್ಲವೆನ್ನುವಷ್ಟು ಕಡಿಮೆ. ಮಾರದೆ ಇಟ್ಟುಕೊಂಡರೆ, ಕೈಗೆ ಬಂದ ಸಂಬಳದಿಂದ ಅದೇ ದಿನ ನಿಮ್ಮ ಕಂಪನಿಯ ಷೇರು ಕೊಂಡಂತೆಯೇ ಲೆಕ್ಕ. ಆದ್ದರಿಂದ ಹಳೆಯ 40 ಲಕ್ಷವನ್ನು ನಿಧಾನವಾಗಿ ಯೋಚಿಸಿ, ಹೊಸದು ಅದಕ್ಕೆ ಸೇರುವುದನ್ನು ಮೊದಲು ನಿಲ್ಲಿಸಿ.

ಮಗನ ಓದಿಗೆ ಡಾಲರ್ ಬೇಕೆಂಬುದು ಸಕಾರಣವಾದ ಮಾತು. ಆದರೆ ಡಾಲರ್ ಬೇಕಾಗಿರುವುದು ಒಂದು ವಿಷಯ, ತಂತ್ರಜ್ಞಾನ ಷೇರು ಬೇಕಾಗಿರುವುದು ಮತ್ತೊಂದು. 2022ರಲ್ಲಿ ರೂಪಾಯಿ ಎದುರು ಡಾಲರ್ ಏರಿದರೂ ನಾಸ್ಡಾಕ್ ಇಟ್ಟುಕೊಂಡವರಿಗೆ ನಷ್ಟವೇ ಆಯಿತು.

ಸನ್ನಿವೇಲ್ ಕನ್ನಡಿಗ

ಎಸ್ ಆ್ಯಂಡ್ ಪಿ 500ಕ್ಕೆ ಬದಲಾಯಿಸಿದರೂ ಪೂರ್ತಿ ಬಿಡುಗಡೆಯಿಲ್ಲ, ಅದರ ತೂಕದಲ್ಲೂ ಸುಮಾರು ಮೂರನೇ ಒಂದು ಭಾಗ ತಂತ್ರಜ್ಞಾನದ್ದೇ. ಓದಿಗೆ ನಾಲ್ಕೈದು ವರ್ಷವಷ್ಟೇ ಉಳಿದಿದ್ದರೆ ನಾನಾದರೆ ಅಮೆರಿಕ ಸರ್ಕಾರದ ಅಲ್ಪಾವಧಿ ಬಾಂಡ್‌ಗಳ ಕಡೆ ನೋಡುತ್ತಿದ್ದೆ.

ಅಂಕಗಣಿತ

ಭಾರತದಲ್ಲಿರುವವರಿಗೆ ಆ ಬಡ್ಡಿಯ ಮೇಲೆ ಅವರವರ ಸ್ಲ್ಯಾಬಿನ ತೆರಿಗೆ ಬೀಳುತ್ತದೆ. ಮೇಡಂ ಮೂವತ್ತರ ಸ್ಲ್ಯಾಬಿನಲ್ಲಿದ್ದರೆ ಕೈಗೆ ಉಳಿಯುವುದೆಷ್ಟು ಎಂದು ಮೊದಲು ಲೆಕ್ಕ ಹಾಕಬೇಕು. ಮಗ ಈಗ ಯಾವ ತರಗತಿಯಲ್ಲಿದ್ದಾನೆ ಮೇಡಂ?

ವೈಟ್‌ಫೀಲ್ಡ್ ವಾಸಿ

ಎಂಟನೆಯ ತರಗತಿ ಸರ್. ಪದವಿಗೇ ಹೋಗುತ್ತಾನೋ ಸ್ನಾತಕೋತ್ತರಕ್ಕೆ ಹೋಗುತ್ತಾನೋ ಇನ್ನೂ ನಿರ್ಧಾರವಾಗಿಲ್ಲ. ಹಾಗಾಗಿ ನಾಲ್ಕು ವರ್ಷವೂ ಆಗಬಹುದು, ಎಂಟು ವರ್ಷವೂ ಆಗಬಹುದು. ಮುಂದಿನ ವೆಸ್ಟಿಂಗ್ ಬರುವ ತಿಂಗಳಿದೆ, ಅದನ್ನು ಮಾತ್ರ ಬಂದ ದಿನವೇ ಮಾರುತ್ತೇನೆ. ಆ ಹಣ ಎಲ್ಲಿಗೆ ಹೋಗಬೇಕು ಎಂಬುದಕ್ಕೆ ಎರಡೂ ಅವಧಿಗಳ ತೆರಿಗೆ ಲೆಕ್ಕವನ್ನು ಇಲ್ಲಿಯೇ ಹಾಕುತ್ತೇನೆ, ದಯವಿಟ್ಟು ನೋಡಿ ತಿದ್ದಿಕೊಡಿ.